ಬಚ್ಚಲ ನೀರು ಗಿಡಕ್ಕೆ: ಸೋಸಿದರೆ ಹೋಗುವುದು, ಸೋಸಿದರೂ ಉಳಿಯುವುದು

ಬಟ್ಟೆ ಒಗೆದ ನೀರನ್ನು ಒಂದು ರಾತ್ರಿ ಡ್ರಮ್ಮಿನಲ್ಲಿ ಇಟ್ಟು, ಬೆಳಿಗ್ಗೆ ಮರಳಿನಲ್ಲಿ ಸೋಸಿ ನೋಡಿ. ಬೂದು ಬಣ್ಣ ಬಹುಪಾಲು ಹೋಗಿರುತ್ತದೆ, ನೂಲು, ಕೂದಲು, ಮಣ್ಣು ಯಾವುದೂ ಕಾಣುವುದಿಲ್ಲ. ಇಷ್ಟು ತಿಳಿಯಾದ ಮೇಲೆ ಗಿಡಕ್ಕೆ ಹಾಕಲು ಇನ್ನೇನು ಅಡ್ಡಿ ಎಂದು ಅನಿಸುವುದು ಸಹಜ. ಆದರೆ ಗಿಡಕ್ಕೂ ಮಣ್ಣಿಗೂ ನಿಜವಾಗಿ ತೊಂದರೆ ಕೊಡುವುದು ಕಣ್ಣಿಗೆ ಕಾಣುವ ಕೊಳೆಯಲ್ಲ, ನೀರಿನಲ್ಲಿ ಕರಗಿರುವ ಸೋಡಾ. ಅದು ಮರಳಿನ ನಡುವೆ ಸಲೀಸಾಗಿ ದಾಟಿ ಹೋಗುತ್ತದೆ. ಮನೆಯ ನೀರನ್ನು ಮರುಬಳಕೆ ಮಾಡಹೊರಟವರು ಫಿಲ್ಟರಿಗೆ ಕೊಡುವಷ್ಟೇ ಗಮನವನ್ನು ಸೋಪಿನ ಪುಡಿಗೂ ಕೊಡಬೇಕಾಗುವುದು ಇದಕ್ಕೇ.

ಹಿಂದೆ ನಮ್ಮ ಹಳ್ಳಿಮನೆಗಳಲ್ಲಿ ಬಚ್ಚಲ ನೀರು ನೇರವಾಗಿ ಹಿತ್ತಿಲಿಗೆ ಹರಿಯುತ್ತಿತ್ತು. ಬಾಳೆಯೋ ತೆಂಗೋ ಕೆಸುವೋ ಅಲ್ಲಿ ಸೊಂಪಾಗಿ ಬೆಳೆಯುತ್ತಿತ್ತು. ಯಾವ ಫಿಲ್ಟರೂ ಇರಲಿಲ್ಲ. ಆಗ ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಬಟ್ಟೆಗೆ ಅಂಟುವಾಳವೋ ಬಾರ್ ಸೋಪೋ ಬಳಕೆಯಲ್ಲಿತ್ತು. ಹಿತ್ತಿಲೂ ವಿಶಾಲವಾಗಿತ್ತು. ಈಗ ಹಿತ್ತಿಲು ಕೆಲವೇ ಚದರ ಮೀಟರಿಗೆ ಇಳಿದಿದೆ, ನೀರಿನಲ್ಲಿ ವಾಷಿಂಗ್ ಪೌಡರ್ ಬರುತ್ತಿದೆ. ಹಳೆಯ ಪದ್ಧತಿಯನ್ನು ಹಾಗೆಯೇ ತಂದು ಇಟ್ಟರೆ ಮೊದಲ ವರ್ಷ ಚೆನ್ನಾಗಿ ಕಂಡು, ಎರಡನೆಯ ವರ್ಷ ಎಲೆಯ ಅಂಚು ಸುಡುವುದು ಈ ಕಾರಣಕ್ಕೆ.

2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲಿಕ್ಕೂ ಬಳಸಬಾರದೆಂದು ಆದೇಶ ಹೊರಡಿಸಿ, ತಪ್ಪಿದರೆ 5000 ರೂಪಾಯಿ ದಂಡ ಎಂದಿತು. ಆಗ ಅನೇಕರು ಬಕೆಟ್‌ಗಳಲ್ಲಿ ಬಚ್ಚಲ ನೀರು ಹೊರಲು ಶುರು ಮಾಡಿದರು. ಹೊರುವುದು ಕೆಲವು ದಿನ ಮಾತ್ರ ನಡೆಯುತ್ತದೆ. ತಾನಾಗಿಯೇ ಹರಿದು ಬರುವ ವ್ಯವಸ್ಥೆ ಇದ್ದರೆ ಮಾತ್ರ ವರ್ಷಗಟ್ಟಲೆ ನಡೆಯುತ್ತದೆ. ಅಂಥದೊಂದು ತುಮಕೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿದೆ. ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮನೆಯಲ್ಲಿ ನಾಲ್ಕು ಜನ. ಸ್ನಾನದ ಕೋಣೆಯೂ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷೀನೂ ಮೊದಲ ಮಹಡಿಯಲ್ಲಿವೆ. ಒಬ್ಬೊಬ್ಬರ ಸ್ನಾನಕ್ಕೆ ಎರಡು ಬಕೆಟ್, ಅಂದರೆ ಸುಮಾರು 40 ಲೀಟರ್. ದಿನಕ್ಕೆ 160 ಲೀಟರ್ ಆಯಿತು. ದಿನ ಬಿಟ್ಟು ದಿನ ಬಟ್ಟೆಯ ನೀರು ಇದಕ್ಕೆ ಸೇರುತ್ತದೆ. ಹಿತ್ತಿಲಿನಲ್ಲಿ ಎರಡು ತೆಂಗು, ಒಂದು ಬಾಳೆ ಗುಂಪು, ಗೋಡೆಯ ಪಕ್ಕ ಒಂದಷ್ಟು ಹೂವಿನ ಗಿಡ. ಬೇಸಿಗೆಯಲ್ಲಿ ತೆಂಗಿನ ಮರವೊಂದಕ್ಕೆ ದಿನಕ್ಕೆ 40 ಲೀಟರ್ ಆಸುಪಾಸು ಬೇಕು, ಬೆಳೆದ ಬಾಳೆಗೆ 15ರಿಂದ 20 ಲೀಟರ್. ಎರಡು ತೆಂಗು, ಮೂರು ಬಾಳೆ ಎಂದರೆ 125ರಿಂದ 140 ಲೀಟರ್ ಖರ್ಚಾಗುತ್ತದೆ. ಸ್ನಾನದ ನೀರಿಗೂ ಗಿಡಗಳ ಬಾಯಾರಿಕೆಗೂ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಈ ಲೆಕ್ಕವನ್ನು ಮೊದಲೇ ಹಾಕಬೇಕು. ಗಿಡ ಕುಡಿಯುವುದಕ್ಕಿಂತ ಹೆಚ್ಚು ನೀರು ಬಿಟ್ಟರೆ ಅದು ನಿಂತು ನಾರುತ್ತದೆ. ಬರೀ ಹೂಗಿಡ, ಹುಲ್ಲು ಇರುವ ಜಾಗವಾದರೆ ಒಣಹವೆಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ 4ರಿಂದ 5 ಲೀಟರ್ ಎಂದು ಹಿಡಿಯಬಹುದು.

ಇನ್ನು ನೀರನ್ನು ಹಿಡಿಯುವುದು ಎಲ್ಲಿ? ಮಹಡಿ ಮನೆಗಳ ಹೊರಗೋಡೆಯಲ್ಲಿ ಸಾಮಾನ್ಯವಾಗಿ ಎರಡು ಕೊಳವೆ ಕೆಳಗಿಳಿದಿರುತ್ತವೆ. ದಪ್ಪನೆಯದು ಕಕ್ಕಸಿನದು, ಅದು ನೇರ ಚೇಂಬರಿಗೆ ಹೋಗುತ್ತದೆ. ಸಣ್ಣದು ಸ್ನಾನದ ನೀರಿನದು, ಕೆಳಗಿನ ಗಲ್ಲಿ ಟ್ರ್ಯಾಪಿಗೆ ಬೀಳುತ್ತದೆ. ಈ ಸಣ್ಣ ಕೊಳವೆಯೇ ನಮಗೆ ಬೇಕಾದದ್ದು. ಆದರೆ ಕತ್ತರಿಸುವ ಮುನ್ನ ಅದಕ್ಕೆ ಅಡುಗೆಮನೆಯ ಸಿಂಕ್ ಸೇರಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಸಿಂಕಿನಲ್ಲಿ ಒಂದು ಬಕೆಟ್ ಅರಿಶಿನದ ನೀರು ಸುರಿದು, ಕೆಳಗೆ ಯಾವ ಬಾಯಲ್ಲಿ ಹಳದಿ ಬರುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ಅಡುಗೆಮನೆ ನೀರಿನ ಜಿಡ್ಡು, ಅನ್ನದ ಅಗುಳು ಈ ಸರಳ ಫಿಲ್ಟರನ್ನು ವಾರದೊಳಗೆ ಕಟ್ಟಿಹಾಕುತ್ತವೆ. ಅದನ್ನು ಇದರಿಂದ ದೂರ ಇಡುವುದೇ ಸರಿ.

ಕೊಳವೆಯಲ್ಲಿ ಒಂದು ಟೀ ಕೂರಿಸಿ ಎರಡು ಬಾಲ್ ವಾಲ್ವ್ ಹಾಕಬೇಕು. ಒಂದು ಡ್ರಮ್ಮಿನ ಕಡೆಗೆ, ಇನ್ನೊಂದು ಹಳೆಯ ದಾರಿಯಾದ ಗಲ್ಲಿ ಟ್ರ್ಯಾಪಿನ ಕಡೆಗೆ. ಈ ಎರಡನೆಯ ವಾಲ್ವನ್ನು ಉಳಿತಾಯದ ನೆಪದಲ್ಲಿ ಬಿಡಬಾರದು. ಬಚ್ಚಲನ್ನು ಆಸಿಡ್ ಹಾಕಿ ತೊಳೆದ ದಿನ, ಬಿಳಿ ಬಟ್ಟೆಗೆ ಬ್ಲೀಚ್ ಹಾಕಿದ ದಿನ, ತಲೆಗೆ ಬಣ್ಣ ಹಚ್ಚಿದ ದಿನ, ಮಗುವಿನ ಹೊಲಸಾದ ಬಟ್ಟೆಯನ್ನೋ ಕಾಯಿಲೆಯವರ ಹಾಸಿಗೆಯನ್ನೋ ಒಗೆದ ದಿನ ನೀರು ಚರಂಡಿಗೇ ಹೋಗಬೇಕು. ಮಳೆಗಾಲದಲ್ಲೂ ಅಷ್ಟೇ.

ಅಕ್ಕನ ಮನೆಯಲ್ಲಿ ನೀರು ಮೊದಲು ಬೀಳುವುದು ಸೊಂಟದೆತ್ತರದ ಕಟ್ಟೆಯ ಮೇಲಿರುವ 200 ಲೀಟರಿನ ನೀಲಿ ಡ್ರಮ್ಮಿಗೆ. ಒಳಬರುವ ಕೊಳವೆಯ ಬಾಯಿಗೆ ನೈಲಾನ್ ಸೊಳ್ಳೆ ಪರದೆಯ ಚೀಲ ಕಟ್ಟಿದ್ದಾರೆ. ಕೂದಲು, ಬಟ್ಟೆಯ ನೂಲು ಅಲ್ಲೇ ಸಿಕ್ಕಿಬೀಳುತ್ತವೆ. ವಾರಕ್ಕೊಮ್ಮೆ ಬಿಚ್ಚಿ ಕೊಡವಿದರೆ ಬೂದು ಬಣ್ಣದ ಒಂದು ಉಂಡೆ ಬೀಳುತ್ತದೆ. ಡ್ರಮ್ಮಿಗೆ ಮೂರು ಹೊರದಾರಿಗಳಿವೆ. ತಳಕ್ಕೆ ಹತ್ತಿದಂತೆ ಒಂದು ವಾಲ್ವ್, ಕೆಸರು ಬಿಡಲು. ತಳದಿಂದ ಗೇಣುದ್ದ ಮೇಲೆ ಒಂದು ನಲ್ಲಿ, ತಿಳಿನೀರು ತೆಗೆಯಲು. ಬಾಯಿಯ ಹತ್ತಿರ ಇನ್ನೊಂದು ಕೊಳವೆ, ಹೆಚ್ಚಾದದ್ದು ಚರಂಡಿಗೆ ಹೋಗಲು.

ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಎರಡು ಮೂರು ಗಂಟೆ ಯಾರೂ ಡ್ರಮ್ಮನ್ನು ಮುಟ್ಟುವುದಿಲ್ಲ. ಮುಚ್ಚಳ ತೆಗೆದು ನೋಡಿದರೆ ಒಳಗೆ ಮೂರು ಪದರ ಕಾಣುತ್ತದೆ. ಮೇಲೆ ಸೋಪು ಮತ್ತು ಎಣ್ಣೆ ಸೇರಿದ ಬಿಳಿಯ ತೆಳು ಕೆನೆ, ತಳದಲ್ಲಿ ಮಣ್ಣು ಮತ್ತು ಸೋಪಿನ ಚೂರುಗಳ ಕಪ್ಪು ಕೆಸರು, ನಡುವೆ ಅಕ್ಕಿ ತೊಳೆದ ನೀರಿನಂಥ ಮಬ್ಬು ನೀರು. ನಲ್ಲಿ ಗೇಣುದ್ದ ಮೇಲಿರುವುದರಿಂದ ಕೆಸರು ಬರುವುದಿಲ್ಲ. ಮೇಲಿನ ಕೆನೆ ನಲ್ಲಿಯ ಮಟ್ಟಕ್ಕೆ ಇಳಿಯುವ ಮುಂಚೆ ನಲ್ಲಿ ನಿಲ್ಲಿಸಿ, ತಳದ ವಾಲ್ವ್ ತೆರೆದರೆ ಕೆನೆ, ಕೆಸರು ಎರಡೂ ಚರಂಡಿಗೆ ಹೋಗುತ್ತವೆ. ಮಬ್ಬು ಪೂರ್ತಿ ಇಳಿಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಸೋಪಿನ ಆ ನುಣ್ಣನೆಯ ಕಣಗಳು ಎರಡು ದಿನ ಇಟ್ಟರೂ ಕೂರುವುದಿಲ್ಲ.

ಎರಡು ದಿನ ಇಡಲೂ ಬಾರದು. ಈ ನೀರಿನಲ್ಲಿ ಮೈಯ ಕೊಳೆ, ಸೋಪು, ಬ್ಯಾಕ್ಟೀರಿಯ ಎಲ್ಲ ಇರುತ್ತವೆ. ಬೆಚ್ಚನೆಯ ಡ್ರಮ್ಮಿನಲ್ಲಿ ಬ್ಯಾಕ್ಟೀರಿಯಗಳು ಹೆಚ್ಚುತ್ತ ನೀರಿನಲ್ಲಿದ್ದ ಆಮ್ಲಜನಕವನ್ನು ಮುಗಿಸುತ್ತವೆ. ಅದು ಮುಗಿದ ಮೇಲೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಆದ್ದರಿಂದ ಇವತ್ತಿನ ನೀರು ಇವತ್ತೇ ಗಿಡಕ್ಕೆ ಹೋಗಬೇಕು, ಹೆಚ್ಚೆಂದರೆ 24 ಗಂಟೆಯೊಳಗೆ. ದೊಡ್ಡ ಟ್ಯಾಂಕ್ ಕಟ್ಟಿಸಿ ವಾರದ ನೀರು ಕೂಡಿಡುತ್ತೇವೆ ಎನ್ನುವವರು ನಾಲ್ಕನೆಯ ದಿನ ನಾರುವ ನೀರನ್ನೂ ಸೊಳ್ಳೆಯನ್ನೂ ಸಾಕಿದಂತಾಗುತ್ತದೆ. ಊರಿಗೆ ಹೊರಟಾಗ ಡ್ರಮ್ಮನ್ನು ಪೂರ್ತಿ ಬರಿದು ಮಾಡಿಯೇ ಹೋಗಬೇಕು.

ನಲ್ಲಿಯಿಂದ ನೀರು ಪೆನ್ಸಿಲ್ ದಪ್ಪದ ಧಾರೆಯಾಗಿ ಕೆಳಗಿರುವ 100 ಲೀಟರಿನ ಇನ್ನೊಂದು ಡ್ರಮ್ಮಿಗೆ ಬೀಳುತ್ತದೆ. ಇದೇ ಫಿಲ್ಟರ್. ತಳದಲ್ಲಿ ಒಂದು ಗೇಣು ದಪ್ಪ ಜಲ್ಲಿ, ಅದರ ಮೇಲೆ ನಾಲ್ಕು ಬೆರಳು ಬೇಬಿ ಜಲ್ಲಿ, ಅದರ ಮೇಲೆ 25ರಿಂದ 30 ಸೆಂಟಿಮೀಟರ್ ಒರಟು ಮರಳು. ಜಲ್ಲಿಗೂ ಮರಳಿಗೂ ನಡುವೆ ಸೊಳ್ಳೆ ಪರದೆಯ ಒಂದು ಸುತ್ತು. ಎಲ್ಲಕ್ಕಿಂತ ಮೇಲೆ ತೆಂಗಿನಕಾಯಿ ಸುಲಿದ ಮಟ್ಟೆಯನ್ನು ಬಿಡಿಸಿ ಒತ್ತಾಗಿ ಹಾಸಿದ್ದಾರೆ. ಅಕ್ಕ ಮೊದಲು ಗಾರೆಗೆ ಬಳಸುವ ನುಣುಪು ಮರಳು ಹಾಕಲು ಹೊರಟಿದ್ದಳಂತೆ. ಕೆಲಸಕ್ಕೆ ಬಂದ ಗಾರೆಯವನೇ, "ಅದು ಬ್ಯಾಡಿ ಅಕ್ಕಾರೆ, ಸೋಪು ಬಿದ್ರೆ ಬಿಗಿದುಬಿಡ್ತದೆ, ದಪ್ಪ ಮರಳು ತರಿಸಿ" ಅಂದನಂತೆ. ಅವನು ಹೇಳಿದ್ದು ಸರಿ. ಮರಳು ನುಣುಪಾದಷ್ಟೂ ಚೆನ್ನಾಗಿ ಸೋಸುತ್ತದೆ, ಆದರೆ ಸೋಪಿನ ಜಿಡ್ಡು ಮೇಲ್ಪದರವನ್ನು ಕೆಲವೇ ದಿನಗಳಲ್ಲಿ ಮುಚ್ಚುತ್ತದೆ. ಒಂದರಿಂದ ಎರಡು ಮಿಲಿಮೀಟರ್ ಕಾಳಿನ ಮರಳು ಸಾಕು. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು, ತೊಳೆದ ನೀರು ತಿಳಿಯಾಗಿ ಬರುವವರೆಗೂ ತೊಳೆಯಬೇಕು. ಅದರಲ್ಲಿರುವ ಕಲ್ಲಿನ ಹುಡಿಯೇ ಫಿಲ್ಟರನ್ನು ಕಟ್ಟುತ್ತದೆ.

ಈ ಫಿಲ್ಟರಿನ ಆರೋಗ್ಯ ತಿಳಿಯಲು ಒಂದೇ ಗುರುತು ಸಾಕು. ನೀರು ಮರಳಿನ ಮೇಲೆ ನಿಲ್ಲುತ್ತಿದೆಯೇ? ಮೊದಲು ಒಂದೂವರೆ ಗಂಟೆಯಲ್ಲಿ ಇಳಿಯುತ್ತಿದ್ದದ್ದು ಮೂರು ಗಂಟೆ ತೆಗೆದುಕೊಂಡರೆ ಮೇಲಿನ ಮಟ್ಟೆ ಬದಲಾಯಿಸಬೇಕು. ಆಗಲೂ ನಿಂತರೆ ಮರಳಿನ ಮೇಲ್ಪದರವನ್ನು ಎರಡು ಬೆರಳಿನಷ್ಟು ಕೆರೆದು ತೆಗೆದು, ತೊಳೆದು ಬಿಸಿಲಿಗೆ ಹರಡಿ ಮತ್ತೆ ಹಾಕಬೇಕು. ಕಟ್ಟುವುದು ಯಾವಾಗಲೂ ಆ ಮೇಲ್ಪದರವೇ, ಪೂರ್ತಿ ಬಿಚ್ಚುವ ಅಗತ್ಯ ಅಪರೂಪ. ಹಳೆಯ ಮಟ್ಟೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಇದ್ದಿಲಿನ ಪದರ ಹಾಕಬೇಕೆಂದು ಹಲವರು ಹೇಳುತ್ತಾರೆ. ಇದ್ದಿಲು ವಾಸನೆಯನ್ನು ಸ್ವಲ್ಪ ದಿನ ಹೀರುತ್ತದೆ, ಆಮೇಲೆ ಅದರ ಶಕ್ತಿ ಮುಗಿಯುತ್ತದೆ. ನೀರನ್ನು ದಿನದಿನವೇ ಖಾಲಿ ಮಾಡುವವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ಸೋಡಾ. ವಾಷಿಂಗ್ ಪೌಡರ್ ಎಂದರೆ ಪೂರ್ತಿ ಸೋಪಲ್ಲ. ಅದರಲ್ಲಿ ಬಹುಭಾಗ ವಾಷಿಂಗ್ ಸೋಡಾ ಮತ್ತು ಪುಡಿಯ ಗಾತ್ರ ಹೆಚ್ಚಿಸುವ ಸೋಡಿಯಂ ಸಲ್ಫೇಟ್. ಎರಡೂ ಸೋಡಿಯಂ ಲವಣಗಳು. ಒಂದು ಸಲದ ಬಟ್ಟೆಗೆ 80 ಗ್ರಾಂ ಪುಡಿ ಹಾಕುತ್ತೀರಿ, ಅದರ ಅರ್ಧ ಇಂಥ ಲವಣ ಎಂದುಕೊಳ್ಳಿ. ತಿಂಗಳಿಗೆ 15 ಸಲ ಒಗೆದರೆ 600 ಗ್ರಾಂ ಆಯಿತು. ಅಕ್ಟೋಬರಿನಿಂದ ಮೇ ವರೆಗೆ ಎಂಟು ತಿಂಗಳಲ್ಲಿ ಐದು ಕಿಲೊ ಹತ್ತಿರ. ನೀರು ಆವಿಯಾಗುತ್ತದೆ, ಗಿಡ ಕುಡಿಯುತ್ತದೆ, ಲವಣ ಮಾತ್ರ ನಾಲ್ಕಾರು ಚದರ ಮೀಟರಿನ ಮಣ್ಣಿನಲ್ಲೇ ಕೂರುತ್ತದೆ.

ಮಣ್ಣಿನಲ್ಲಿ ಅದು ಮಾಡುವ ಕೆಲಸ ಹೀಗೆ. ಜೇಡಿಯ ಸಣ್ಣ ಕಣಗಳನ್ನು ಒಟ್ಟಿಗೆ ಹಿಡಿದು ಹೆಂಟೆಯಾಗಿಸುವುದು ಕ್ಯಾಲ್ಸಿಯಂ. ಹೆಂಟೆಗಳ ನಡುವಿನ ಸಂದಿನಲ್ಲಿಯೇ ನೀರು, ಗಾಳಿ ಓಡಾಡುವುದು. ಸೋಡಿಯಂ ಹೆಚ್ಚಾದಾಗ ಕ್ಯಾಲ್ಸಿಯಂ ಅನ್ನು ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ, ಆದರೆ ಕಣಗಳನ್ನು ಹಿಡಿದಿಡುವುದಿಲ್ಲ. ಅವು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ಒದ್ದೆಯಾದಾಗ ಮಣ್ಣು ಅಂಟಂಟಾಗುತ್ತದೆ, ಒಣಗಿದಾಗ ಮೇಲೆ ಹೆಕ್ಕಳಿಕೆ ಕಟ್ಟುತ್ತದೆ, ನೀರು ಇಂಗುವುದಿಲ್ಲ. ಬೆಂಗಳೂರು, ತುಮಕೂರು ಕಡೆಯ ಕೆಮ್ಮಣ್ಣು ಇದನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿನಲ್ಲಿ ಜೇಡಿಯೇ ಹೆಚ್ಚಾದ್ದರಿಂದ ತೊಂದರೆ ಬೇಗ ಕಾಣುತ್ತದೆ. ಅಲ್ಲಿಯವರು ಬಟ್ಟೆಯ ಮೊದಲ ನೀರನ್ನು ತೋಟಕ್ಕೆ ಬಿಡಲೇಬಾರದು ಎಂಬುದು ನನ್ನ ಅಭಿಪ್ರಾಯ.

ಆ ಮೊದಲ ನೀರೇ ಮುಖ್ಯ. ಹಾಕಿದ ಪುಡಿಯ ಬಹುಪಾಲು ಒಗೆತದ ನೀರಿನಲ್ಲೇ ಇರುತ್ತದೆ, ಜಾಲಾಡಿಸಿದ ನೀರಿನಲ್ಲಿ ಬಹಳ ಕಡಿಮೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ನೀರು ಬಿಡುವುದು ನಮ್ಮ ಕೈಯಲ್ಲೇ ಇರುವುದರಿಂದ ಬೇರ್ಪಡಿಸುವುದು ಸುಲಭ. ಅಕ್ಕ ಒಗೆತದ ನೀರನ್ನು ಚರಂಡಿಗೆ ಬಿಟ್ಟು, ಬಟ್ಟೆಯನ್ನು ಒಮ್ಮೆ ಸ್ಪಿನ್ ಮಾಡಿ ಆ ನೀರನ್ನೂ ಚರಂಡಿಗೆ ಕಳಿಸಿ, ಆಮೇಲಿನ ಎರಡು ಜಾಲಾಟದ ನೀರನ್ನು ಮಾತ್ರ ಡ್ರಮ್ಮಿಗೆ ತಿರುಗಿಸುತ್ತಾಳೆ. ಪೂರ್ಣ ಆಟೋಮ್ಯಾಟಿಕ್ ಮೆಷೀನಿನವರು ಮೊದಲ ಸಲ ನೀರು ಹೊರಬಿಟ್ಟ ಮೇಲೆ ವಾಲ್ವ್ ತಿರುಗಿಸಬೇಕು. ಅಷ್ಟು ನಿಗಾ ಆಗದಿದ್ದರೆ ಪುಡಿಯ ಬದಲು ದ್ರವ ಡಿಟರ್ಜೆಂಟ್ ಬಳಸಬಹುದು. ಅದರಲ್ಲಿ ಗಾತ್ರಕ್ಕೆಂದು ಸೇರಿಸಿದ ಲವಣ ಇರುವುದಿಲ್ಲವಾದ್ದರಿಂದ ಸೋಡಿಯಂ ಸಾಮಾನ್ಯವಾಗಿ ಕಡಿಮೆ. ಇಲ್ಲೇ ಒಂದು ಎಚ್ಚರಿಕೆ: ಮೆಷೀನಿನ ಪಂಪ್ ನೀರನ್ನು ಸುಮಾರು ಒಂದು ಮೀಟರ್ ಎತ್ತುವಷ್ಟು ಶಕ್ತಿಯದು. ಉದ್ದದ ಪೈಪ್ ಜೋಡಿಸಿ ಎತ್ತರದ ಡ್ರಮ್ಮಿಗೆ ಏರಿಸಲು ಹೋದರೆ ಪಂಪ್ ಸುಡುತ್ತದೆ. ಪೈಪಿನ ತುದಿ ಡ್ರಮ್ಮಿನ ನೀರಿನಲ್ಲಿ ಮುಳುಗಿರಲೂಬಾರದು, ಕೊಳೆನೀರು ಮೆಷೀನಿಗೆ ವಾಪಸು ಹೋಗುವ ಸಂಭವವಿದೆ.

ಕೊಳವೆಬಾವಿಯ ಗಡಸು ನೀರಿಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ ಮನೆಗಳವರು ಇನ್ನೊಂದನ್ನು ತಿಳಿದಿರಬೇಕು. ಉಪ್ಪು ಸುರಿಯುವ ಬಗೆಯ ಸಾಫ್ಟ್‌ನರ್ ನೀರಿನ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಹಾಗಾಗಿ ಸೋಪು ಸೋಕುವ ಮುಂಚೆಯೇ ಆ ನೀರು ಮಣ್ಣಿಗೆ ಒಗ್ಗದ ನೀರಾಗಿರುತ್ತದೆ. ಅಂಥ ಮನೆಯಲ್ಲಿ ಮರುಬಳಕೆಯ ನೀರನ್ನು ಕುಂಡದ ಗಿಡಗಳಿಗೆ ಹಾಕಬೇಡಿ, ದೊಡ್ಡ ಮರಗಳಿದ್ದರೆ ಅವಕ್ಕೆ ಮಾತ್ರ ಬಿಡಿ.

ನಿಮ್ಮ ಮಣ್ಣಿಗೆ ಸೋಡಿಯಂ ಏರಿದೆಯೇ ಎಂದು ಮನೆಯಲ್ಲೇ ನೋಡಬಹುದು. ನೀರು ಬೀಳುವ ಜಾಗದಿಂದ ಕಡಲೆಕಾಳಿನ ಗಾತ್ರದ ಒಣಗಿದ ಹೆಂಟೆ ತೆಗೆಯಿರಿ. ಗಾಜಿನ ಲೋಟದಲ್ಲಿ ಮಳೆನೀರನ್ನೋ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೋ ತುಂಬಿ, ಹೆಂಟೆಯನ್ನು ಮೆಲ್ಲಗೆ ಬಿಡಿ. ಕಲಕಬೇಡಿ, ಅಲುಗಾಡಿಸಬೇಡಿ. ನಲ್ಲಿನೀರು ಬೇಡ, ಅದರಲ್ಲಿರುವ ಲವಣ ಪರೀಕ್ಷೆಯನ್ನು ಕೆಡಿಸುತ್ತದೆ. ಎರಡು ಗಂಟೆಯ ಮೇಲೆ ಒಮ್ಮೆ, ಮರುದಿನ ಒಮ್ಮೆ ನೋಡಿ. ಹೆಂಟೆ ಕುಸಿದು ಪುಡಿಯಾಗಿ, ಸುತ್ತಲಿನ ನೀರು ತಿಳಿಯಾಗಿಯೇ ಇದ್ದರೆ ಚಿಂತೆಯಿಲ್ಲ. ಹೆಂಟೆಯ ಸುತ್ತ ಹಾಲು ಹರಡಿದಂತೆ ಮಬ್ಬು ಹಬ್ಬಿದ್ದರೆ ಜೇಡಿ ಚದುರುತ್ತಿದೆ ಎಂದು ಅರ್ಥ. ಆಗ ಬಟ್ಟೆಯ ನೀರು ನಿಲ್ಲಿಸಿ, ಚದರ ಮೀಟರಿಗೆ ಅರ್ಧ ಕಿಲೊ ಜಿಪ್ಸಂ ಹಾಕಿ ಮಣ್ಣಿನಲ್ಲಿ ಬೆರೆಸಬೇಕು. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಸೋಡಿಯಂ ಅನ್ನು ಬಿಡಿಸುತ್ತದೆ, ಬಿಟ್ಟ ಸೋಡಿಯಂ ಕೆಳಗೆ ತೊಳೆದು ಹೋಗಲು ಮಳೆ ಬೇಕು. ಮುಂಗಾರು ಶುರುವಾಗುವ ಮುಂಚೆ ಹಾಕುವುದು ಒಳ್ಳೆಯ ಹೊತ್ತು. ಮಳೆಗಾಲದಲ್ಲಿ ಡ್ರಮ್ಮನ್ನು ಮುಚ್ಚಿಡಿ ಎಂದದ್ದೂ ಇದಕ್ಕೇ. ವರ್ಷದಲ್ಲಿ ನಾಲ್ಕು ತಿಂಗಳು ಮಣ್ಣು ತೊಳೆದುಕೊಳ್ಳಲಿ.

ಗಿಡಗಳೂ ಮುಂಚೆಯೇ ಸೂಚನೆ ಕೊಡುತ್ತವೆ. ಅಕ್ಕನ ಮನೆಯ ಕೇಪಳದ ಗಿಡ ಹಿಂದಿನ ಬೇಸಿಗೆಯಲ್ಲಿ ಹಳದಿಗೆ ತಿರುಗಿತ್ತು. ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. "ನೋಡೋ, ನೀರು ಕಡಿಮೆಯಾಯ್ತೇನೋ ಅಂತ ಇನ್ನೂ ಒಂದು ಬಕೆಟ್ ಜಾಸ್ತಿ ಹಾಕ್ತಿದ್ದೆ" ಅಂದಳು. ನೀರು ಕಡಿಮೆಯಾದದ್ದಲ್ಲ. ಸೋಪಿನ ನೀರು ಕ್ಷಾರದ್ದು, ಅದರಿಂದ ಮಣ್ಣೂ ಕ್ಷಾರವಾಗಿ, ಇದ್ದ ಕಬ್ಬಿಣವನ್ನು ಗಿಡ ಹೀರಲಾರದೆ ಹೋಗಿತ್ತು. ಅದಕ್ಕೆ ಒಳ್ಳೆಯ ನೀರು ಕೊಡಲು ಶುರು ಮಾಡಿದ ಮೇಲೆ ಬಂದ ಹೊಸ ಚಿಗುರು ಹಸಿರಾಗಿತ್ತು. ಕೇಪಳ, ಜರೀಗಿಡ, ನಿಂಬೆ, ಕಿತ್ತಳೆ ಇವೆಲ್ಲ ಈ ನೀರಿಗೆ ಒಗ್ಗುವುದಿಲ್ಲ. ನಿಂಬೆಯಲ್ಲಿ ಎಲೆಯ ತುದಿ ಸುಟ್ಟಂತೆ ಕಂದಾಗುತ್ತದೆ. ತೆಂಗು, ಬಾಳೆ, ಸಪೋಟ, ಕೆಸು, ಕ್ಯಾನಾ, ಕಣಗಲೆ, ಕಾಗದದ ಹೂವು, ಗರಿಕೆ ಹುಲ್ಲು ಸುಖವಾಗಿ ಬೆಳೆಯುತ್ತವೆ. ಕುಂಡಗಳಲ್ಲಿ ಮಣ್ಣು ಕಡಿಮೆಯಾದ್ದರಿಂದ ಲವಣ ಬೇಗ ಸೇರುತ್ತದೆ, ಅಂಚಿನಲ್ಲಿ ಬಿಳಿ ಗೆರೆ ಕಟ್ಟುತ್ತದೆ. ಹಾಗೆ ಕಂಡರೆ ತಳದಿಂದ ಚೆನ್ನಾಗಿ ಹರಿದು ಹೋಗುವಷ್ಟು ಒಳ್ಳೆಯ ನೀರು ಹಾಕಬೇಕು.

ತರಕಾರಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮರಳು ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ. ಸ್ನಾನದ ನೀರಿನಲ್ಲಿ ಹೊಟ್ಟೆಯ ರೋಗಾಣುಗಳು ಇರಬಹುದಾದ್ದರಿಂದ ಕೊತ್ತಂಬರಿ, ಪುದೀನ, ಮೂಲಂಗಿ, ಕ್ಯಾರೆಟ್ಟಿಗೆ ಈ ನೀರು ಬೇಡವೇ ಬೇಡ. ಮೇಲಿನಿಂದ ಚಿಮುಕಿಸುವುದೂ ಬೇಡ. ನೀರು ಮಣ್ಣಿಗೆ ಮಾತ್ರ ಸೇರಬೇಕು. ಅಕ್ಕನ ತೆಂಗಿನ ಬುಡದಿಂದ ಒಂದು ಮಾರು ದೂರದಲ್ಲಿ ಸುತ್ತಲೂ ಒಂದು ಗೇಣು ಆಳದ ಪಾತಿ ತೋಡಿ, ಅದಕ್ಕೆ ಮಟ್ಟೆ, ಒಣಗರಿ ತುಂಬಿದ್ದಾರೆ. ಕೊಳವೆಯ ತುದಿ ಮಟ್ಟೆಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ತೆರೆದಿದೆ, ಹಾಗಾಗಿ ಬೇರು ಒಳಗೆ ನುಗ್ಗುವುದಿಲ್ಲ. ನೀರು ಮಟ್ಟೆಯ ಕೆಳಗೆ ಹರಡಿ ಇಂಗುತ್ತದೆ, ಮೇಲೆ ಕಾಣುವುದಿಲ್ಲ, ಸೊಳ್ಳೆಗೂ ಜಾಗವಿಲ್ಲ. ಉಳಿದ ಶುದ್ಧಿಯ ಕೆಲಸವನ್ನು ಆ ಮಣ್ಣಿನ ಜೀವಿಗಳೇ ಮಾಡುತ್ತವೆ. ಪಾತಿ ಮನೆಯ ಗೋಡೆಗೆ ಹತ್ತಿರವಿರಬಾರದು, ಬಾವಿ, ಕೊಳವೆಬಾವಿ, ಸಂಪುಗಳಿಂದ ಸಾಧ್ಯವಾದಷ್ಟು ದೂರವಿರಬೇಕು. ಒಂದೇ ಪಾತಿಗೆ ದಿನವೂ ಬಿಡದೆ ಎರಡು ಮೂರು ಪಾತಿಗಳಿಗೆ ಸರದಿಯಂತೆ ಬಿಟ್ಟರೆ ಮಣ್ಣಿಗೆ ಒಣಗಿ ಉಸಿರಾಡಲು ಬಿಡುವು ಸಿಗುತ್ತದೆ.

ಕಟ್ಟಿದ ಮನೆಗಳಲ್ಲಿ ಈ ಕೆಲಸಕ್ಕೆ ಇರುವ ದೊಡ್ಡ ಅಡ್ಡಿ ಕೊಳವೆಯೇ. ನೆಲಮಹಡಿಯ ಬಚ್ಚಲಿನ ನೀರು ನೆಲದಡಿಯಲ್ಲೇ ಕಕ್ಕಸಿನ ಕೊಳವೆಗೆ ಸೇರಿಬಿಟ್ಟಿರುತ್ತದೆ. ಅದನ್ನು ಬೇರ್ಪಡಿಸಲು ಟೈಲ್ಸ್ ಒಡೆಯಬೇಕು, ಅಷ್ಟಕ್ಕೆ ಯಾರೂ ಕೈ ಹಾಕುವುದಿಲ್ಲ. ಮನೆ ಕಟ್ಟಿಸುತ್ತಿರುವವರಿಗೆ ಈ ತೊಂದರೆಯಿಲ್ಲ. ಪ್ಲಂಬರ್ ಪೈಪ್ ಹಾಸುವ ದಿನ ನೀವೇ ಎದುರು ನಿಂತು, ಸ್ನಾನದ ಕೋಣೆ ಮತ್ತು ವಾಷಿಂಗ್ ಮೆಷೀನಿನ ನೀರಿಗೆ ಒಂದು ಪ್ರತ್ಯೇಕ ಲೈನ್ ಎಳೆದು ಹಿತ್ತಿಲ ಕಡೆ ಹೊರಬಿಡಲು ಹೇಳಿ. ಡ್ರಮ್, ಮರಳು, ಜಲ್ಲಿ ಯಾವಾಗ ಬೇಕಾದರೂ ತರಬಹುದು. ಆ ಲೈನ್ ಮಾತ್ರ ಟೈಲ್ಸ್ ಕೂರಿಸುವ ಮುಂಚೆಯೇ ಆಗಬೇಕು.